ಹೀಗೇ ಮುಂದುವರಿಸಿ

ಯಾರಾದರೂ ತಿರುಗಿ ಬಂದು 'ನೀವು ಹೇಳಿದ ಹಾಗೆ ಮಾಡಿದೆ, ಸರಿಹೋಯಿತು' ಎಂದು ಬರೆದರೆ ಅದು ನನಗೆ ಒಂದು ವಾರಕ್ಕೆ ಸಾಕಾಗುವಷ್ಟು ಖುಷಿ. ಎದುರಿಗೆ ಕೂತು ಯಾರಾದರೂ ಹೊಗಳಿದರೆ ನನಗೆ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ. ಪರದೆಯ ಮೇಲಾದರೆ ನಾಲ್ಕು ಸಲ ಓದಬಹುದು, ಯಾರೂ ನೋಡುವುದಿಲ್ಲ.

ಬೆಕ್ಕು ಸಾಕುವವರ ಗುಂಪೊಂದಿದೆ, ಫೋನಿನಲ್ಲಿ. ಅಲ್ಲಿ ನನ್ನ ಹೆಸರು 'ಮೂಲೆಮನೆ'. ಕೇಳಿದವರಿಗೆ ಉತ್ತರ ಬರೆಯುತ್ತೇನೆ. ಔಷಧ ಹೇಳುವುದಿಲ್ಲ, ನಾನು ಕೆಲಸ ಮಾಡುವ ಪ್ರಾಣಿಗಳ ಆಸ್ಪತ್ರೆಯ ಡಾಕ್ಟರ್ ಮೇಡಂ ಮೊದಲ ದಿನವೇ ಹಾಗೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಅಲ್ಲಿ ನನ್ನದು ಬಾಗಿಲ ಬಳಿಯ ಮೇಜಿನ ಕೆಲಸ. ಫೋನ್ ಎತ್ತುವುದು, ಸರದಿ ಕೊಡುವುದು, ಪ್ರಾಣಿಯನ್ನು ತಕ್ಕಡಿಯ ಮೇಲೆ ನಿಲ್ಲಿಸುವುದು. ಓದಿದ್ದು ಇತಿಹಾಸ. "ಸತ್ತ ರಾಜರ ಕಥೆ ಓದಿ ಬದುಕಿರೋ ಬೆಕ್ಕಿನ ತೂಕ ನೋಡ್ತಾಳೆ" ಎಂದು ಅಮ್ಮ ಬಂದವರಿಗೆಲ್ಲ ನನ್ನ ಪರಿಚಯ ಮಾಡಿಕೊಡುತ್ತಾಳೆ.

ಆ ಗುಂಪನ್ನು ನಡೆಸುವವರು ನಿವೃತ್ತರಾದ ಒಬ್ಬ ಮೇಷ್ಟ್ರು. ಅವರದೊಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಪ್ರಶ್ನೆ ಕೇಳಿದವರು ಸಲಹೆ ಪಡೆದು ಮಾಯವಾಗುವಂತಿಲ್ಲ. ಏನಾಯಿತೆಂದು ಅದೇ ಪ್ರಶ್ನೆಯ ಕೆಳಗೆ ಬಂದು ಹೇಳಬೇಕು. ಫಲ ಸಿಕ್ಕಿದ್ದರೆ ಸಲಹೆ ಕೊಟ್ಟವರು ಒಂದು ಮರುಮಾತು ಬರೆಯಬೇಕು. ಅದಾದ ಮೇಲೆ ಮೇಷ್ಟ್ರು 'ಪರಿಹಾರವಾಗಿದೆ' ಎಂದು ಹಸಿರು ಗುರುತು ಹಾಕಿ ಅಲ್ಲಿಗೆ ಆ ಮಾತುಕತೆಯನ್ನು ಮುಚ್ಚಿಬಿಡುತ್ತಾರೆ. ಮುಂದೆ ಯಾರೂ ಅಲ್ಲಿ ಬರೆಯಲಾಗದು, ಓದಬಹುದು ಅಷ್ಟೆ. ಮುಚ್ಚದಿದ್ದರೆ ಜನ ಬಗೆಹರಿದ ಪ್ರಶ್ನೆಯ ಕೆಳಗೇ ಬಂದು ಜಗಳ ತೆಗೆಯುತ್ತಾರಂತೆ. 'ಮದುವೆ ಮುಗಿದ ಮೇಲೆ ಜಾತಕ ಕೇಳಬಾರದು' ಎಂದು ನಿಯಮದ ಕೆಳಗೆ ಅವರೇ ಬರೆದಿದ್ದಾರೆ.

'ಸೂಜಿದಾರ' ಎಂಬ ಹೆಸರಿನಲ್ಲಿ ಒಬ್ಬಾಕೆ ಪ್ರಶ್ನೆ ಕೇಳಿದ್ದಳು. ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅವಳ ಬೆಕ್ಕು ಬೂದುಬಣ್ಣದ ಗಂಡು, ಹೆಸರು ಸಾಹೇಬ. ಇತ್ತೀಚೆಗೆ ಅದು ತನ್ನ ಮರಳಿನ ಡಬ್ಬವನ್ನು ಬಿಟ್ಟು ಕಂಡಕಂಡಲ್ಲಿ ಉಚ್ಚೆ ಹೊಯ್ಯುತ್ತಿತ್ತು. ಗಿರಾಕಿಗಳ ಬಟ್ಟೆಯ ರಾಶಿಯ ಮೇಲೆ, ಬಾಗಿಲ ಒರಸಿನ ಮೇಲೆ, ಕೊನೆಗೆ ಮಾವನವರು ಮಡಿಸಿಟ್ಟ ಶಾಲಿನ ಮೇಲೆ. 'ಇನ್ನೊಂದು ಸಲ ಹೀಗಾದರೆ ಚೀಲಕ್ಕೆ ಹಾಕಿ ದೂರ ಬಿಟ್ಟು ಬರ್ತೀನಿ ಅಂತ ಮಾವ ಹೇಳಿದ್ದಾರೆ. ಹೇಳಿದ್ದು ಮಾಡೋರು ಅವರು. ನನ್ನ ಯಜಮಾನರು ದೂರದ ಊರಲ್ಲಿ ಕೆಲಸದಲ್ಲಿದ್ದಾರೆ. ಇಡೀ ದಿನ ಮೆಷಿನ್ ಮುಂದೆ ಕೂತಿರೋ ನನ್ನ ಜೊತೆ ಮಾತಾಡೋನು ಇವನೊಬ್ಬನೇ' ಎಂದು ಬರೆದಿದ್ದಳು.

ನಾನು ಉದ್ದದ ಉತ್ತರ ಬರೆದೆ. ಡಬ್ಬ ಹೊಲಿಗೆ ಯಂತ್ರದ ಪಕ್ಕ ಬೇಡ, ಸದ್ದಿಲ್ಲದ ಮೂಲೆಗೆ ಇಡಿ. ಒಂದೇ ಬೆಕ್ಕಾದರೂ ಎರಡು ಡಬ್ಬ ಇರಲಿ. ಸುವಾಸನೆ ಹಾಕಿದ ಮರಳು ನಮಗೆ ಚೆನ್ನ, ಅದಕ್ಕೆ ಅಲ್ಲ. ವಾಸನೆಯಿಲ್ಲದ, ಒದ್ದೆಯಾದರೆ ಉಂಡೆ ಕಟ್ಟುವ ಮರಳು ತನ್ನಿ. ಹೊಯ್ದ ಜಾಗವನ್ನು ಫಿನಾಯಿಲ್‌ನಿಂದ ಒರೆಸಬೇಡಿ, ಅದು ಬೆಕ್ಕಿಗೆ ವಿಷ, ಹಳೆಯ ವಾಸನೆಯೂ ಪೂರ್ತಿ ಹೋಗದೆ ಬೆಕ್ಕು ಮತ್ತೆ ಅಲ್ಲಿಗೇ ಬರಬಹುದು. ಇಷ್ಟೆಲ್ಲ ಬರೆದು ಕೊನೆಯಲ್ಲಿ, 'ಗಂಡು ಬೆಕ್ಕು ಎಂದಿದ್ದೀರಿ. ಮೂತ್ರದ ತೊಂದರೆಯಿಂದಲೂ ಹೀಗಾಗುವುದುಂಟು, ಒಮ್ಮೆ ಡಾಕ್ಟರಿಗೆ ತೋರಿಸಿಬಿಡಿ' ಎಂದು ಸೇರಿಸಿದೆ. ಈ ಮಾತು ಮೊದಲು ಬರಬೇಕಿತ್ತು. ಹೆದರಿಸುವ ಮಾತನ್ನು ಬಾಗಿಲಲ್ಲೇ ಇಡಬಾರದೆಂದು ಕೊನೆಗೆ ತಳ್ಳಿದೆ. ನಾನು ಮಾತಾಡುವುದೂ ಹಾಗೆಯೇ, ಮುಖ್ಯವಾದದ್ದು ಹೊಸ್ತಿಲು ದಾಟುವಾಗ ನೆನಪಾಗುತ್ತದೆ.

ಶನಿವಾರ ಸಂಜೆ ಬಸ್ಸಿನಲ್ಲಿ ಕೂತಿದ್ದಾಗ ಅವಳ ಉತ್ತರ ಬಂತು.

'ಮೂಲೆಮನೆ ಅಕ್ಕ, ನೀವು ಹೇಳಿದ್ದು ಹೂವು ಎತ್ತಿದಷ್ಟು ಸುಲಭವಾಗಿ ಆಗಿಹೋಯ್ತು. ಎರಡು ಡಬ್ಬ ಇಟ್ಟೆ, ಮರಳು ಬದಲಾಯಿಸಿದೆ. ನಿನ್ನೆ ರಾತ್ರಿಯಿಂದ ಬಟ್ಟೆ ಮೇಲೆ ಒಂದು ಹನಿ ಇಲ್ಲ. ಈಗ ಸಾಹೇಬರಿಗೆ ಡಬ್ಬ ಅಂದ್ರೆ ಪ್ರಾಣ. ಹೋಗಿ ಹೋಗಿ ಕೂರ್ತಾನೆ, ಎಬ್ಬಿಸಿದ್ರೂ ಏಳಲ್ಲ, ಏನೋ ಹಾಡು ಬೇರೆ ಹೇಳ್ತಾನೆ. ಮರಳೂ ಎಷ್ಟು ಚೊಕ್ಕಟ ಗೊತ್ತಾ, ನಂಗೆ ಎತ್ತಿಹಾಕೋ ಕೆಲಸವೇ ಇಲ್ಲ. ಮಾವ ಕೂಡ ಇವತ್ತು ಬೈಯಲಿಲ್ಲ. ನಿಮಗೆ ಪುಣ್ಯ ಬರಲಿ.'

ಜೊತೆಗೊಂದು ಫೋಟೊ. ಸಾಹೇಬ ಡಬ್ಬದಲ್ಲಿ ಬೆನ್ನು ಗೂನಾಗಿಸಿ ಕೂತಿದ್ದಾನೆ, ಕಣ್ಣು ಅರೆಮುಚ್ಚಿದೆ. ನಾನು ಓದಿದ್ದು 'ಅಕ್ಕ' ಎಂಬುದನ್ನು, 'ಪುಣ್ಯ ಬರಲಿ' ಎಂಬುದನ್ನು. ಮಧ್ಯದ್ದರ ಮೇಲೆ ಕಣ್ಣು ಜಾರಿಹೋಯಿತು. ಬಸ್ಸು ತಿರುವಿನಲ್ಲಿ ವಾಲುತ್ತಿರುವಾಗಲೇ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಬರೆದೆ: 'ತುಂಬಾ ಸಂತೋಷವಾಯಿತು. ಸಾಹೇಬನಿಗೆ ನನ್ನ ಪ್ರೀತಿ. ಹೀಗೇ ಮುಂದುವರಿಸಿ.'

ಮನೆ ತಲುಪುವಷ್ಟರಲ್ಲಿ ಹಸಿರು ಗುರುತು ಬಿದ್ದಿತ್ತು.

ಭಾನುವಾರ ಬೆಳಿಗ್ಗೆ ಎದ್ದು ದಿನಚರಿ ಬರೆಯಲು ಕೂತೆ. ಇಂಥ ಮಾತು ಬಂದರೆ ಅದನ್ನು ಹಾಗೇ ಬರೆದಿಟ್ಟುಕೊಳ್ಳುವ ಅಭ್ಯಾಸ ನನ್ನದು. ಫೋನನ್ನು ಲೋಟಕ್ಕೆ ಒರಗಿಸಿ ಅವಳ ಮಾತನ್ನು ಪದಪದವಾಗಿ ಇಳಿಸುತ್ತಿದ್ದೆ. ಕಣ್ಣು ಓಡುತ್ತದೆ, ಕೈ ನಡೆಯುತ್ತದೆ. 'ಮರಳೂ ಎಷ್ಟು ಚೊಕ್ಕಟ ಗೊತ್ತಾ, ನಂಗೆ ಎತ್ತಿಹಾಕೋ ಕೆಲಸವೇ' ಎನ್ನುವಲ್ಲಿಗೆ ಬಂದಾಗ ಪೆನ್ನು ನಿಂತಿತು.

ಉಂಡೆ ಕಟ್ಟುವ ಮರಳು ಅದು. ಬೆಕ್ಕು ಹೊಯ್ದರೆ ಉಂಡೆ ಆಗಲೇಬೇಕು. ಉಂಡೆಯನ್ನು ಎತ್ತಿಹಾಕಲೇಬೇಕು. ಬಟ್ಟೆಯ ಮೇಲೆ ಇಲ್ಲ, ಡಬ್ಬದಲ್ಲೂ ಇಲ್ಲ. ಹಾಗಾದರೆ ಎಲ್ಲಿ?

ಆಸ್ಪತ್ರೆಯ ಫೋನ್ ಎತ್ತಿದಾಗ ನಾನು ಎಷ್ಟೋ ಬಾರಿ ಕೇಳಿರುವ ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಗಂಡೋ ಹೆಣ್ಣೋ? ಪದೇಪದೇ ಡಬ್ಬಕ್ಕೆ ಹೋಗುತ್ತಿದೆಯೆ? ಕೂತಲ್ಲೇ ಕೂಗುತ್ತಿದೆಯೆ? ಹನಿಯಾದರೂ ಬೀಳುತ್ತಿದೆಯೆ? ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಸಣ್ಣದು. ಹರಳಿನ ಪುಡಿಯೋ ಲೋಳೆಯೋ ಗಟ್ಟಿಯಾಗಿ ಅಲ್ಲಿ ಬಿರಡೆಯ ಹಾಗೆ ಕೂತರೆ ಎಲ್ಲ ಒಳಗೇ ನಿಲ್ಲುತ್ತದೆ. ಬೆಕ್ಕು ಡಬ್ಬದಲ್ಲಿ ಕೂತು ತಿಣುಕುತ್ತದೆ, ನರಳುತ್ತದೆ. ನೋಡಿದವರು ಮಲಬದ್ಧತೆ ಅಂದುಕೊಳ್ಳುತ್ತಾರೆ, ಅಥವಾ ಹಾಡು ಅಂದುಕೊಳ್ಳುತ್ತಾರೆ. ಹೊರಗೆ ಹೋಗಬೇಕಾದ ವಿಷ ರಕ್ತಕ್ಕೆ ಸೇರಿ, ಮೂತ್ರಪಿಂಡ ಕೆಡುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಎರಡು ಮೂರು ದಿನದೊಳಗೆ ಪ್ರಾಣ ಹೋಗಬಹುದು. ಕಂಡಕಂಡಲ್ಲಿ ಹೊಯ್ಯುತ್ತಿದ್ದದ್ದು ತುಂಟತನವಾಗಿರಲಿಲ್ಲ, ಉರಿಯಾಗಿತ್ತು. ಈಗ ನಿಂತದ್ದು ನನ್ನ ಸಲಹೆಯಿಂದಲ್ಲ.

ಅವಳಿಗೆ ತಿಳಿಸಬೇಕು. ಪ್ರಶ್ನೆ ತೆರೆದೆ. ಕೆಳಗೆ ಬರೆಯುವ ಜಾಗವೇ ಇಲ್ಲ. ಹಸಿರು ಗುರುತು ಬಿದ್ದು ಮುಚ್ಚಿದೆ. ಆದರೆ ಮೊದಲೇ ಬರೆದದ್ದನ್ನು ತಿದ್ದಲು ಬಿಡುತ್ತದೆ. ನನಗೆ ಅದೇ ಚೆನ್ನೆನಿಸಿತು. ಹೊಸದಾಗಿ ಎಲ್ಲರ ಎದುರು ಬಂದು 'ನಾನು ನಿನ್ನೆ ಹೇಳಿದ್ದು ತಪ್ಪು' ಎನ್ನುವ ಬದಲು, ಬರೆದಲ್ಲೇ ಸದ್ದಿಲ್ಲದೆ ಸರಿಮಾಡಿಬಿಡಬಹುದು. 'ಹೀಗೇ ಮುಂದುವರಿಸಿ' ಎಂಬುದನ್ನು ಅಳಿಸಿ, ಮರಳು ಒಣಗಿದ್ದರೆ ಇವತ್ತೇ ತೋರಿಸಿ, ಇದು ತುರ್ತು ಎಂದು ಬರೆದು ಒತ್ತಿದೆ. ಎದೆಯ ಭಾರ ಇಳಿಯಿತು. ಸ್ನಾನ ಮಾಡಿದೆ. ತಿಂಡಿಗೆ ಕೂತೆ.

ಫೋನನ್ನು ತಿರುಗಿ ತಿರುಗಿ ನೋಡುತ್ತಿದ್ದುದನ್ನು ಅಮ್ಮ ಕಂಡಳು.

"ಯಾರೇ ಅದು, ಹುಡುಗನಾದ್ರೆ ಹೇಳ್ಬಿಡು, ಜಾತಕ ಗೀತಕ ಕೇಳಲ್ಲ."

"ಬೆಕ್ಕು ಅಮ್ಮ."

"ಗೊತ್ತಿತ್ತು. ನನ್ನ ಹಣೇಲಿ ಅಳಿಯ ಬರ್ದಿಲ್ಲ, ಬೆಕ್ಕು ಬರ್ದಿದೆ."

ಹೇಳಿದೆ. ಅಮ್ಮ ಕೇಳುತ್ತಾ ತಟ್ಟೆ ಕೆಳಗಿಟ್ಟಳು.

"ತಿದ್ದಿದೆ ಅಂದ್ಯಲ್ಲ, ಅವಳಿಗೆ ಗೊತ್ತಾಗೋದು ಹೇಗೆ?"

"ನೋಡ್ತಾಳೆ."

"ಯಾಕೆ ನೋಡ್ತಾಳೆ? ನನ್ನ ಅಡುಗೆ ಗುಂಪಲ್ಲಿ ನಾನು ಒಂದು ಚಮಚ ಉಪ್ಪು ಅನ್ನೋಕೆ ಒಂದು ಹಿಡಿ ಅಂತ ಬರೆದು, ಆಮೇಲೆ ತಿದ್ದಿದ್ದೆ ನೆನಪಿದ್ಯಾ? ತಿದ್ದಿದ್ದು ನಂಗೊಬ್ಬಳಿಗೇ ಕಾಣಿಸ್ತು. ಉಪ್ಪು ಹಾಕೋರು ಹಾಕ್ತಾನೇ ಇದ್ರು. ಹೊಸದಾಗಿ ಬರೆದ್ರೆ ಮಾತ್ರ ಅವರ ಫೋನು ಸದ್ದು ಮಾಡೋದು ಕಣೇ. ತಿದ್ದಿದ್ರೆ ಮೂಕ."

ಅವಳು ಹೇಳಿದ್ದು ನಿಜ. ನನಗೂ ಗೊತ್ತಿದ್ದ ವಿಷಯವೇ. ಸೂಜಿದಾರ ನನ್ನ ಸಂತೋಷವನ್ನು ನಿನ್ನೆಯೇ ಓದಿ ಮುಗಿಸಿದ್ದಾಳೆ, ಮಾವನಿಗೂ ಓದಿ ಹೇಳಿರಬಹುದು. ಬಗೆಹರಿದ ಪ್ರಶ್ನೆಯನ್ನು ಅವಳು ಯಾಕೆ ಮತ್ತೆ ತೆರೆಯುತ್ತಾಳೆ? ಖಾಸಗಿಯಾಗಿ ಒಂದು ಸಂದೇಶ ಕಳಿಸಿದೆ. ಅದು ಪರಿಚಯವಿಲ್ಲದವರ ಪತ್ರಗಳ ಡಬ್ಬಿಗೆ ಹೋಗಿ ಬಿತ್ತು. ಅದನ್ನು ಯಾರೂ ತೆರೆಯುವುದಿಲ್ಲ, ನಾನೂ ತೆರೆಯುವುದಿಲ್ಲ. ತಿದ್ದಿ ಹಗುರಾಗಿ ಸ್ನಾನಕ್ಕೆ ಹೋದ ಹೊತ್ತೆಲ್ಲ ಸಾಹೇಬ ಡಬ್ಬದಲ್ಲೇ ಕೂತಿದ್ದಾನೆ.

ಉಳಿದದ್ದು ಒಂದೇ ದಾರಿ, ಮೇಷ್ಟ್ರು. ಅವರ ಫೋನ್ ನಂಬರು ಗುಂಪಿನ ಮುಖಪುಟದಲ್ಲೇ ಇದೆ. ಆಸ್ಪತ್ರೆಯಲ್ಲಿ ದಿನವೂ ಫೋನಿನಲ್ಲಿ ಮಾತಾಡುತ್ತೇನೆ, ಆದರೆ ಅಲ್ಲಿ ಮಾತಾಡುವುದು ಮೇಜು; ನಾನಲ್ಲ. ನಂಬರು ಒತ್ತಿ, ಕತ್ತರಿಸಿ, ಮತ್ತೆ ಒತ್ತಿದೆ. ಅಮ್ಮ ಎದುರಿಗೆ ಕೂತು "ಹೂಂ, ಹೂಂ" ಎಂದು ಕಣ್ಣಲ್ಲೇ ತಳ್ಳುತ್ತಿದ್ದಳು.

"ಯಾರಮ್ಮ? ಮೂಲೆಮನೆಯಾ? ಓಹೋ. ನೀನು ಯಾರೋ ವಯಸ್ಸಾದ ಹೆಂಗಸು ಅಂದ್ಕೊಂಡಿದ್ದೆ."

"ಸರ್, ಸೂಜಿದಾರ ಅವರ ಪ್ರಶ್ನೆ ದಯವಿಟ್ಟು ಮತ್ತೆ ತೆರೀಬೇಕು. ಅವರಿಗೆ ಇನ್ನೊಂದು ಉತ್ತರ ಬರೀಬೇಕು."

"ಅದು ಮುಗಿದುಹೋಯ್ತಲ್ಲಮ್ಮ. ಅವರು ಫಲ ಸಿಕ್ತು ಅಂದ್ರು. ನೀನೂ ಸಂತೋಷ ಅಂದೆ. ಈಗ ಆ ಸಂತೋಷ ವಾಪಸ್ ತಗೋತೀನಿ ಅಂದ್ರೆ ಹೇಗೆ?"

"ವಾಪಸ್ ತಗೊಳ್ಳಲೇಬೇಕು ಸರ್. ಅವರ ಮರಳು ಒಣಗಿದೆ."

"ಒಳ್ಳೇದಲ್ವಾ? ಚೊಕ್ಕಟ ಇದೆ ಅಂತ ಅವರೇ ಬರೆದಿದಾರೆ."

"ಗಂಡು ಬೆಕ್ಕು ಸರ್. ಡಬ್ಬದಲ್ಲಿ ಅಷ್ಟು ಹೊತ್ತು ಕೂತೂ ಮರಳು ಒಣಗಿದ್ರೆ ಅದು ಚೊಕ್ಕಟ ಅಲ್ಲ. ಮೂತ್ರ ಕಟ್ಟಿದೆ."

"ನನ್ನ ಮನೇಲಿ ಇರೋದೆಲ್ಲ ಹೆಣ್ಣು ಬೆಕ್ಕು. ಇದನ್ನ ನಾನು ಕಂಡಿಲ್ಲ. ಖಾತ್ರಿನಾ?"

"ಖಾತ್ರಿ ಇಲ್ಲ ಸರ್. ಖಾತ್ರಿ ಆಗೋವರೆಗೂ ಕಾದ್ರೆ ಬೆಕ್ಕು ಇರಲ್ಲ."

ಈ ಮಾತು ನನ್ನ ಬಾಯಿಂದ ಬಂತೆಂದು ಅಮ್ಮನ ಹುಬ್ಬು ಮೇಲೇರಿತು. ಮೇಷ್ಟ್ರು "ತೆರೀತೀನಿ. ಆದ್ರೆ ನಯವಾಗಿ ಬರಿಯಮ್ಮ, ಆ ಹೆಣ್ಣುಮಗಳು ಹೆದರಿಬಿಟ್ಟಾಳು" ಎಂದರು.

ನಯವಾಗಿಯೇ ಶುರುಮಾಡಿದೆ. 'ಕ್ಷಮಿಸಿ, ನಿಮಗೆ ಮತ್ತೆ ತೊಂದರೆ ಕೊಡುತ್ತಿದ್ದೇನೆ. ನಿನ್ನೆ ನೀವು ಬರೆದದ್ದನ್ನು ಓದಿ ನಿಜಕ್ಕೂ ಖುಷಿಯಾಗಿತ್ತು, ಆದರೆ' ಎನ್ನುವಷ್ಟರಲ್ಲಿ ನಿಲ್ಲಿಸಿದೆ. ಅವಳ ಫೋನಿನ ನೆತ್ತಿಯ ಮೇಲೆ ಕಾಣುವುದು ಮೊದಲ ಏಳೆಂಟು ಪದ ಮಾತ್ರ. 'ಕ್ಷಮಿಸಿ, ನಿಮಗೆ ಮತ್ತೆ ತೊಂದರೆ' ಎಂದು ಕಂಡರೆ ಕತ್ತರಿ ಕೆಳಗಿಟ್ಟು ಯಾರು ತೆರೆಯುತ್ತಾರೆ? ನನ್ನ ವಿನಯದಿಂದ ಬೆಕ್ಕಿಗೇನಾಗಬೇಕು. ಎಲ್ಲ ಅಳಿಸಿದೆ. ಅವಳ ಹೆಸರನ್ನು ಮೊದಲು ಜೋಡಿಸಿದೆ, ಹಾಗೆ ಜೋಡಿಸಿದರಷ್ಟೇ ಅವಳಿಗೆ ಖಚಿತವಾಗಿ ಸೂಚನೆ ಹೋಗುವುದು. ಆಮೇಲೆ ಬರೆದೆ:

'ಸಾಹೇಬನನ್ನು ಈಗಲೇ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಡಬ್ಬಗಳಲ್ಲಿ ಮೊನ್ನೆ ರಾತ್ರಿಯಿಂದ ಒಂದಾದರೂ ಒದ್ದೆ ಉಂಡೆ ಸಿಕ್ಕಿದೆಯೆ? ಇಲ್ಲದಿದ್ದರೆ ಮೂತ್ರ ಕಟ್ಟಿರಬಹುದು. ಗಂಡು ಬೆಕ್ಕಿಗೆ ಇದು ಪ್ರಾಣಾಪಾಯ, ನಾಳೆವರೆಗೆ ಕಾಯುವಂತಿಲ್ಲ. ಹೊಟ್ಟೆ ಒತ್ತಿ ನೋಡಬೇಡಿ. ಮನೆಮದ್ದು ಬೇಡ, ಬಲವಂತವಾಗಿ ನೀರು ಕುಡಿಸಬೇಡಿ. ನಿನ್ನೆ ನಾನು ಸಂತೋಷ ಎಂದದ್ದು ತಪ್ಪು. ಓದಿದ ಕೂಡಲೇ ಒಂದು ಪದ ಬರೆಯಿರಿ.'

ಅವಳಿಗಿಂತ ಮೊದಲು ಬೇರೆಯವರು ಬಂದರು. ಮದುವೆ ಮುಗಿದ ಮನೆಗೆ ಜಗಳಕ್ಕೆ ಬರುತ್ತಾರೆ ಎಂದು ಮೇಷ್ಟ್ರು ಹೇಳುತ್ತಿದ್ದದ್ದು ಸುಳ್ಳಲ್ಲ. 'ಯಾಕ್ರೀ ಹೆದರಿಸ್ತೀರ, ನಮ್ಮ ಬೆಕ್ಕೂ ಹೀಗೇ ಡಬ್ಬದಲ್ಲಿ ನಿದ್ದೆ ಮಾಡತ್ತೆ' ಎಂದು ಒಬ್ಬರು. 'ಚೆನ್ನಾಗಿ ನೀರು ಕುಡಿಸಿ, ತಾನೇ ಹೊರಗೆ ತಳ್ಳತ್ತೆ' ಎಂದು ಇನ್ನೊಬ್ಬರು. ಬಾಯಿ ಕಟ್ಟಿದ ಚೀಲಕ್ಕೆ ಇನ್ನಷ್ಟು ನೀರು ತುಂಬಿದರೆ ಬಾಯಿ ತೆರೆಯುವುದಿಲ್ಲ, ಚೀಲ ಬಿರಿಯುತ್ತದೆ ಎಂದು ಆ ಇನ್ನೊಬ್ಬರ ಕೆಳಗೆ ಬರೆದೆ. ನಾನು ಯಾರೊಂದಿಗೂ ವಾದ ಮಾಡಿದವಳಲ್ಲ.

ಅಷ್ಟರಲ್ಲಿ ಅವಳು ಬಂದಳು.

'ಈಗ ನೋಡಿದೆ. ಎರಡೂ ಡಬ್ಬ ಜಾಲಾಡಿದೆ, ಉಂಡೆ ಇಲ್ಲ. ಬೆಳಿಗ್ಗೆ ವಾಂತಿ ಮಾಡಿದ, ಹೊಸ ಮರಳು ತಿಂದಿರಬೇಕು ಅಂದ್ಕೊಂಡೆ. ಈಗ ಮೆಷಿನ್ ಕೆಳಗೆ ಮಲಗಿದಾನೆ, ಕರೆದ್ರೆ ಕಿವಿ ಮಾತ್ರ ಆಡಿಸ್ತಾನೆ. ಡಾಕ್ಟರಿಗೆ ತೋರಿಸಿ ಅಂತ ನೀವು ಮೊದಲೇ ಬರೆದಿದ್ರಿ, ಈಗ ಕಾಣಿಸ್ತು. ನಾನು ಪರದೆ ಫೋಟೊ ತೆಗೆದು ಅದನ್ನೇ ನೋಡ್ಕೊಂಡು ಮಾಡಿದೆ, ಆ ಸಾಲು ಫೋಟೊದಲ್ಲಿ ಬಂದಿರಲಿಲ್ಲ. ಆದ್ರೆ ನಿನ್ನೆ ನೀವೇ ಹೀಗೇ ಮುಂದುವರಿಸಿ ಅಂದ್ರಲ್ಲ ಅಕ್ಕ. ನಾನು ಮಾವನಿಗೂ ಓದಿ ಹೇಳಿದೆ.'

ಅದರ ಕೆಳಗೆ ಕೂಡಲೇ ನೀರು ಕುಡಿಸಿ ಎಂದವರು ಬರೆದರು: 'ಸುಮ್ನೆ ಅವರ ಮೇಲೆ ಹಾಕ್ಬೇಡಿ. ಮೂಲೆಮನೆ ಹಾಗೆ ಬರೆದೇ ಇಲ್ಲ, ಮೇಲೆ ನೋಡಿ. ತೋರಿಸಿ ಅಂತಲೇ ಬರೆದಿದಾರೆ. ಓದೋಕೆ ಬರಲ್ವಾ?' ಅದಕ್ಕೆ ಒಪ್ಪಿಗೆಯ ಹೆಬ್ಬೆರಳುಗಳು ಬೇರೆ.

ಮೇಲೆ ನೋಡಿದರೆ ಹೌದು. ಆ ಮಾತು ಅಲ್ಲಿ ಇರಲಿಲ್ಲ. ಬೆಳಿಗ್ಗೆ ನಾನೇ ಅಳಿಸಿದ್ದೆ. ನನ್ನ ಮಾನ ಉಳಿಸಿಕೊಳ್ಳಲು ಮಾಡಿದ ಆ ಸಣ್ಣ ತಿದ್ದುಪಡಿಯಿಂದ, ಸಾಯುತ್ತಿರುವ ಬೆಕ್ಕನ್ನು ಕಾಲ ಬಳಿ ಇಟ್ಟುಕೊಂಡವಳು ಎಲ್ಲರೆದುರು ಸುಳ್ಳುಗಾರ್ತಿಯಾಗಿದ್ದಳು. ಅವಳಿಗೇ ತನ್ನ ಕಣ್ಣಿನ ಮೇಲೆ ಅನುಮಾನ ಬಂದಿರಬೇಕು.

'ಬರೆದಿದ್ದೆ' ಎಂದು ಬರೆದೆ. 'ನಿನ್ನೆ ಹೀಗೇ ಮುಂದುವರಿಸಿ ಎಂದು ಬರೆದವಳು ನಾನೇ. ಇವತ್ತು ಬೆಳಿಗ್ಗೆ ಅದನ್ನು ಅಳಿಸಿ ಬೇರೆ ಬರೆದೆ. ಸೂಜಿದಾರ ಹೇಳಿದ್ದು ಸರಿ. ಅವರು ಓದಿದ್ದನ್ನು ನಂಬಿದರು. ಇನ್ನು ದಯವಿಟ್ಟು ಯಾರೂ ಇಲ್ಲಿ ಬರೆಯಬೇಡಿ, ಅವರ ಫೋನ್ ಖಾಲಿ ಇರಲಿ.' ಕೊನೆಯಲ್ಲಿ ನನ್ನ ಫೋನ್ ನಂಬರು ಹಾಕಿದೆ. ಅಪರಿಚಿತರಿಗೆ ನಂಬರು ಕೊಟ್ಟದ್ದು ಅದೇ ಮೊದಲು.

ಫೋನ್ ಬಂತು. ಅವಳ ದನಿ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು.

"ಇವತ್ತು ಭಾನುವಾರ ಅಕ್ಕ. ಇಲ್ಲಿ ಆಸ್ಪತ್ರೆ ಬಾಗಿಲು ಹಾಕಿದೆ."

"ಪಕ್ಕದ ದೊಡ್ಡ ಊರಲ್ಲಿ ಭಾನುವಾರವೂ ತೆರೆದಿರೋದು ಇದ್ದೇ ಇರುತ್ತೆ, ಹುಡುಕಿ. ಹೋಗೋಕೆ ಮೊದಲು ಫೋನ್ ಮಾಡಿ. ಗಂಡು ಬೆಕ್ಕು, ಮೊನ್ನೆ ರಾತ್ರಿಯಿಂದ ಮೂತ್ರ ಇಲ್ಲ, ವಾಂತಿ ಆಗಿದೆ, ಇಷ್ಟನ್ನೇ ಹೇಳಿ. ಮೂತ್ರ ತೆಗೆಯೋಕೆ ಕೊಳವೆ ಹಾಕೋ ಸೌಕರ್ಯ ಇದ್ಯಾ ಅಂತ ಕೇಳಿ. ಇಲ್ಲ ಅಂದ್ರೆ ಅಲ್ಲಿಗೆ ಹೋಗಿ ಹೊತ್ತು ಕಳೀಬೇಡಿ, ಇನ್ನೊಂದು ಕಡೆ ಮಾಡಿ."

ಹಿಂದಿನಿಂದ ಗಂಡಸಿನ ದನಿ ಕೇಳಿಸಿತು. "ಉಚ್ಚೆ ಹೊಯ್ದ್ರೂ ರಗಳೆ, ಹೊಯ್ಯದಿದ್ರೂ ಆಸ್ಪತ್ರೆ. ಇದೊಳ್ಳೆ ಜಮೀನ್ದಾರನ ಬೆಕ್ಕಾಯ್ತು."

"ಮಾವ, ಅದು ಸಾಯತ್ತಂತೆ" ಎಂದಳು ಅವಳು, ಫೋನಿನಿಂದ ಬಾಯಿ ತಿರುಗಿಸಿ.

ಕುರ್ಚಿ ಸರಿದ ಸದ್ದು ಕೇಳಿಸಿತು. ಆಮೇಲೆ ಅದೇ ದನಿ, "ಸಾಯತ್ತೆ ಅಂತ ಮೊದಲೇ ಬೊಗಳೋದಲ್ವಾ. ಆ ಬುಟ್ಟಿ ಎಲ್ಲಿಟ್ಟೆ?" ಎಂದಿತು. ಫೋನ್ ಕಟ್ಟಾಯಿತು.

ಆ ಮಧ್ಯಾಹ್ನ ನಾನು ಏನು ಮಾಡಿದೆನೆಂದು ನೆನಪಿಲ್ಲ. ಅಮ್ಮ ಎರಡು ಸಲ ಊಟಕ್ಕೆ ಕರೆದು ಮೂರನೆಯ ಸಲ ತಟ್ಟೆಯನ್ನೇ ತಂದಿಟ್ಟಳು. "ನೀನು ಉಪವಾಸ ಇದ್ರೆ ಅದು ಉಚ್ಚೆ ಹೊಯ್ಯಲ್ಲ. ತಿನ್ನು" ಎಂದಳು. ನಗು ಬರಲಿಲ್ಲ, ತಿಂದೆ. ಡಾಕ್ಟರ್ ಮೇಡಂಗೆ ಫೋನ್ ಮಾಡಿ ಹೇಳಿದೆ. ಅವರು ಬೈಯುತ್ತಾರೆಂದುಕೊಂಡಿದ್ದೆ. "ವಾಂತಿ ಶುರುವಾಗಿದೆ ಅಂದ್ರೆ ತಡ ಆಗಿದೆ. ಕೊಳವೆ ಹಾಕಿದ್ರೂ ಇನ್ನೆರಡು ದಿನ ಏನೂ ಹೇಳೋಕಾಗಲ್ಲ. ಬಿಚ್ಚಿದ ಮೇಲೂ ಮತ್ತೆ ಕಟ್ಟಬಹುದು, ಅದನ್ನ ಅವರಿಗೆ ಹೇಳು" ಎಂದಷ್ಟೇ ಅಂದರು. ಬೈದಿದ್ದರೆ ವಾಸಿಯಿತ್ತು.

ದೀಪ ಹಚ್ಚುವ ಹೊತ್ತಿಗೆ ಸೂಜಿದಾರ ಬರೆದಳು, ಎಲ್ಲರಿಗೂ ಕಾಣುವಂತೆ ಅದೇ ಪ್ರಶ್ನೆಯ ಕೆಳಗೆ. 'ಅರಿವಳಿಕೆ ಕೊಟ್ಟು ಕೊಳವೆ ಹಾಕಿದ್ದಾರೆ. ಬಂದದ್ದೆಲ್ಲ ರಕ್ತದ ಬಣ್ಣ. ಮೂತ್ರಪಿಂಡಕ್ಕೆ ಪೆಟ್ಟಾಗಿದೆ, ಎಷ್ಟು ಅಂತ ಆಮೇಲೆ ಗೊತ್ತಾಗುತ್ತಂತೆ. ಅಲ್ಲೇ ಇಟ್ಟುಕೊಂಡಿದ್ದಾರೆ. ನಿನ್ನೆಯೇ ಯಾಕೆ ತರಲಿಲ್ಲ ಅಂತ ಡಾಕ್ಟರು ಕೇಳಿದರು. ನಾನು ಸುಮ್ಮನಿದ್ದೆ.'

ಈ ಸಲ ಮರುಮಾತು ಬರೆಯಲು ನನಗೆ ಬಹಳ ಹೊತ್ತು ಹಿಡಿಯಿತು. ಬೇಗ ಗುಣವಾಗಲಿ ಎಂದು ಬರೆದು ಅಳಿಸಿದೆ; ಅದು ನನಗೆ ಸಮಾಧಾನ, ಅವಳಿಗಲ್ಲ. ಧೈರ್ಯವಾಗಿರಿ ಎಂಬುದನ್ನೂ ಅಳಿಸಿದೆ. ಕೊನೆಗೆ ಹೀಗೆ ಬರೆದೆ: 'ಮತ್ತೆ ಕೇಳಿದರೆ ಸುಮ್ಮನಿರಬೇಡಿ. ಸಲಹೆ ಕೊಟ್ಟವಳು ಎಲ್ಲ ಸರಿಯಿದೆ ಅಂದಳು, ಅದಕ್ಕೇ ತರಲಿಲ್ಲ ಅಂತ ಹೇಳಿ. ಮನೆಗೆ ಬಂದ ಮೇಲೂ ಇದು ಮತ್ತೆ ಕಟ್ಟಬಹುದು. ಮೊದಲ ಒಂದೆರಡು ವಾರ ದಿನವೂ ಉಂಡೆ ನೋಡಬೇಕು, ಇದೆಯೋ ಇಲ್ಲವೋ ಅಷ್ಟೇ ಅಲ್ಲ, ಎಷ್ಟು ದೊಡ್ಡದೆಂದು ಕೂಡ. ನೋಡಿ ನನಗೆ ಹೇಳಿ.'

ಸೋಮವಾರ ಸುದ್ದಿಯಿಲ್ಲ. ಮಂಗಳವಾರವೂ ಇಲ್ಲ. ಕೇಳಬೇಕೆಂದು ಕೈ ಹೋಗುತ್ತಿತ್ತು. ಕೇಳಿದರೆ ಉತ್ತರ ಬರೆಯುವ ಹೊರೆ ಅವಳ ಮೇಲೆ ಬೀಳುತ್ತದೆಂದು ಹಿಂತೆಗೆಯುತ್ತಿದ್ದೆ. ಮೇಜಿನ ಹತ್ತಿರ ಬುಟ್ಟಿ ಹಿಡಿದು ಬಂದವರನ್ನೆಲ್ಲ ಅವಳೇ ಏನೋ ಎಂದು ನೋಡುತ್ತಿದ್ದೆ, ಅವಳ ಊರು ಎಲ್ಲಿದೆಯೆಂದು ಕೂಡ ನನಗೆ ಗೊತ್ತಿಲ್ಲದಿದ್ದರೂ.

ಗುರುವಾರ ಮೇಡಂ ಒಳಗೆ ಒಂದು ನಾಯಿಯ ಗಾಯ ಹೊಲಿಯುತ್ತಿದ್ದಾಗ ನನ್ನ ಫೋನ್ ಅಲುಗಿತು. ಹಿಂದಿನ ಓಣಿಗೆ ಹೋಗಿ ಎತ್ತಿದೆ.

"ನಿನ್ನೆ ಮನೆಗೆ ಕಳಿಸಿದ್ರು" ಎಂದಳು. ಅಕ್ಕ ಎನ್ನಲಿಲ್ಲ. "ತಿಂತಿದಾನೆ. ಮೈ ನೆಕ್ಕೋತಿದಾನೆ. ಬೆಳಿಗ್ಗೆಯಿಂದ ಒಂದು ಉಂಡೆ ಸಿಕ್ತು."

ನನ್ನ ನಾಲಿಗೆಯ ತುದಿಗೆ ಬಂದ 'ಸಂತೋಷ'ವನ್ನು ನುಂಗಿಕೊಂಡೆ. "ಎಷ್ಟು ದೊಡ್ಡದು?"

"ಉಂಡೆ ಬಂದಿದೆ ಅಂದ್ನಲ್ಲ."

"ಎಷ್ಟು ದೊಡ್ಡದು ಹೇಳಿ. ನಿಂಬೆಹಣ್ಣಿನಷ್ಟಿದ್ಯಾ?"

ಯಂತ್ರದ ಸದ್ದು ನಿಂತಿತು. ಚಪ್ಪಲಿಯಿಲ್ಲದ ಹೆಜ್ಜೆಗಳು, ಡಬ್ಬ ಎಳೆದ ಸದ್ದು. "ಇಲ್ಲ. ಕೋಟಿನ ಗುಂಡಿಯಷ್ಟಿದೆ."

"ಬೆಳಿಗ್ಗೆಯಿಂದ ಎಷ್ಟು ಸಲ ಡಬ್ಬಕ್ಕೆ ಹೋದ?"

"ನಾನು ಲೆಕ್ಕ ಇಟ್ಟಿಲ್ಲ. ಹೋಗ್ತಾನೇ ಇದಾನೆ." ಆಮೇಲೆ ದನಿ ಒಡೆಯಿತು. "ನೀವು ಒಂದ್ಸಲ ಸರಿಯಿದೆ ಅಂದ್ಬಿಡಬಾರದಾ? ನಾಲ್ಕು ದಿನದಿಂದ ನಿದ್ದೆ ಮಾಡಿಲ್ಲ ನಾನು. ಮಾವನಿಗೆ ಮತ್ತೆ ಏನಂತ ಹೇಳಲಿ?"

ಓಣಿಯ ಗೋಡೆಗೆ ತಲೆ ಆನಿಸಿದೆ. ಅವಳಿಗೆ ಬೇಕಾದ ಮಾತು ಎಷ್ಟು ಚಿಕ್ಕದಿತ್ತು. ಅದನ್ನು ಕೊಡಲು ನನಗೂ ಅಷ್ಟೇ ಆಸೆಯಿತ್ತು.

"ಅನ್ನೋಕಾಗಲ್ಲ" ಎಂದೆ. "ಮತ್ತೆ ಕಟ್ಟಿರಬಹುದು, ಬರೀ ಉರಿಗೆ ಹನಿ ಹನಿ ಹೊಯ್ತಿರಬಹುದು. ಎರಡಕ್ಕೂ ಡಬ್ಬದಲ್ಲಿ ಕಾಣೋದು ಒಂದೇ ಥರ. ಯಾವುದು ಅಂತ ಡಾಕ್ಟರು ಮುಟ್ಟಿ ನೋಡಿಯೇ ಹೇಳಬೇಕು. ಇವತ್ತೇ. ಆ ಆಸ್ಪತ್ರೆಗೆ ನಾನು ಫೋನ್ ಮಾಡಿ ಬರ್ತಿದಾರೆ ಅಂತ ಹೇಳ್ಲಾ?"

ಫೋನನ್ನು ಎಲ್ಲೋ ಮೇಜಿನ ಮೇಲೆ ಇಟ್ಟ ಸದ್ದಾಯಿತು. ಕತ್ತರಿಸಲಿಲ್ಲ. ದೂರದಲ್ಲಿ "ಮಾವ" ಎಂದು ಕೂಗಿದಳು. ಮರಳು ಕೆರೆಯುವ ಸದ್ದು ಕೇಳಿಸಿತು, ನಿಂತಿತು, ಮತ್ತೆ ಶುರುವಾಯಿತು. ಆಮೇಲೆ ಬೆಕ್ಕಿನ ದನಿ, ಮೊದಲ ಸಲ ಕೇಳಿದೆ, ಸಣ್ಣಗೆ ಎಳೆದ ಒಂದು ರಾಗ. ಅದರ ಮೇಲೆ ಮಾವನವರ ಮಾತು: "ಮೆತ್ತಗೆ ಎತ್ತು, ಹೊಟ್ಟೆ ಅಮುಕಬೇಡ. ನಾನು ಹಿಡ್ಕೋತೀನಿ, ನೀನು ಬಾಗಿಲು ಹಾಕು."

ಬುಟ್ಟಿಯ ಮುಚ್ಚಳ ಬಿದ್ದ ಸದ್ದಾಯಿತು. ಹೆಜ್ಜೆಗಳು ಫೋನಿನ ಹತ್ತಿರಕ್ಕೆ ಬಂದವು.

"ಇದೀರಾ?" ಎಂದಳು.

"ಇದೀನಿ."

"ನಂಬರ್ ಹೇಳ್ತೀನಿ, ಬರ್ಕೊಳ್ಳಿ. ಎಷ್ಟು ದೊಡ್ಡ ಉಂಡೆ ಅಂತ ಅವರಿಗೆ ನೀವೇ ಹೇಳಿ. ನಂಗೆ ಬಾಯಿ ಬರಲ್ಲ."

ಅಂಗೈಯ ಮೇಲೆ ಬರೆದುಕೊಂಡೆ.